ಬಾಯಲ್ಲಿ ಹೇಳಿದ ಕುಸುಬಿ

ಶೇಖರಮ್ಮನಿಗೆ ಬಣ್ಣ ಅಂದರೆ ಸಾಕಾಗಿ ಹೋಗಿತ್ತು. ಹೀಗೆಂದರೆ ಆಕೆಯನ್ನು ಬಲ್ಲವರು ನಂಬಲಿಕ್ಕಿಲ್ಲ. ಕೊಪ್ಪಳದ ಬಟ್ಟೆ ಬ್ರ್ಯಾಂಡೊಂದರ ಆ ಎರಡು ಕೋಣೆಯ ಆಫೀಸಿನಲ್ಲಿ ಯಾರಿಗೆ ಬಣ್ಣದ ಅನುಮಾನ ಬಂದರೂ ಆಕೆಯ ಮುಂದೆಯೇ ತಂದು ಹಿಡಿಯುತ್ತಿದ್ದರು. ಆಕೆ ಚಹದ ಕಪ್ಪು ಕೆಳಗಿಟ್ಟು, ಬಟ್ಟೆ ಎತ್ತಿಕೊಂಡು ಅಂಗಳದ ಬಿಸಿಲಿಗೆ ಹೋಗಿ, ಒಂದು ಗಳಿಗೆ ನೋಡಿ, ಇದು ಅದಲ್ಲ ಅನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆದರೆ ಒಳಗೊಳಗೆ ಆಕೆ ಹೈರಾಣಾಗಿದ್ದಳು ನೋಡಿ. ಇನ್ನೊಬ್ಬರ ಬಣ್ಣಕ್ಕೆ ಬಣ್ಣ ಹೊಂದಿಸಿ ಹೊಂದಿಸಿಯೇ ಅರ್ಧ ಆಯುಷ್ಯ ಕಳೆದಿತ್ತು, ಕಣ್ಣಿಗೆ ಚಾಳೀಸು ಬಂದಿತ್ತು, ಮಂಡಿ ನೋವು ಬಂದಿತ್ತು. ಇದು ನನ್ನ ಬಣ್ಣ ಅಂತ ಎದೆ ಮುಟ್ಟಿಕೊಂಡು ಹೇಳುವಂಥದ್ದು ಒಂದೂ ಆಕೆಯ ಪಾಲಿಗೆ ಬಂದಿರಲಿಲ್ಲ.

ಆಕೆಯ ಅಪ್ಪನದು ಯಲಬುರ್ಗಾದ ಬಜಾರಿನಲ್ಲಿ ಸಣ್ಣ ಜವಳಿ ಅಂಗಡಿ. ಸುತ್ತಲ ಹಳ್ಳಿಯ ಹೆಂಗಸರು ಸೀರೆ ಹೆಗಲ ಮೇಲೆ ಹಾಕಿಕೊಂಡು ಬಂದು, ಇದಕ್ಕೆ ಹೊಂದುವ ಕುಪ್ಪಸದ ಖಣ ಕೊಡಿ ಅನ್ನುತ್ತಿದ್ದರು. ಹುಡುಗಿ ಶೇಖರಮ್ಮ ಸೀರೆಯ ಚುಂಗು ಒಂದು ಕೈಯಲ್ಲಿ, ಖಣ ಇನ್ನೊಂದು ಕೈಯಲ್ಲಿ ಹಿಡಿದು ಬೀದಿಗೆ ಓಡುತ್ತಿದ್ದಳು. ಅಂಗಡಿಯ ದೀಪದಡಿ ಒಂದೇ ಆಗಿ ಕಂಡ ಎರಡು ಹಸಿರು ಬಿಸಿಲಿಗೆ ಬಂದೊಡನೆ ಒಂದಕ್ಕೊಂದು ಮುಖ ತಿರುಗಿಸಿಕೊಳ್ಳುತ್ತಿದ್ದವು. ಇನ್ನು ಕೆಲವರು ಸೀರೆ ಮನೆಯಲ್ಲೇ ಬಿಟ್ಟು ಬಂದು, ಗಿಳಿ ಹಸಿರಿನದು ಕೊಡಿ, ಅಂಥಾ ಗಾಢವಲ್ಲ, ಅಂಥಾ ತೆಳುವೂ ಅಲ್ಲ ಅನ್ನುತ್ತಿದ್ದರು. ಅಪ್ಪ ಖಣದ ಕಟ್ಟು ಬಿಚ್ಚುತ್ತಲೇ ಇರಲಿಲ್ಲ. 'ಬಣ್ಣಾನ ಬಾಯಿಲೆ ಹೇಳಬ್ಯಾಡ್ರಿ, ಕೈಯಾಗ ಕೊಡ್ರಿ' ಅಂತ ನಗುತ್ತಲೇ ಮನೆಗೆ ಅಟ್ಟುತ್ತಿದ್ದ. ಒಬ್ಬರ ಗಿಳಿ ಇನ್ನೊಬ್ಬರ ಗಿಳಿಯಲ್ಲ ಅನ್ನುವುದು ಅವನ ಲೆಕ್ಕಾಚಾರ. ಅಪ್ಪ ಹೋದ, ಅಂಗಡಿ ಹೋಯಿತು, ಆ ಮಾತು ಮಾತ್ರ ಮಗಳ ಬಾಯಲ್ಲಿ ಉಳಿಯಿತು.

ಮುಂದೆ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಆಕೆಗೆ ನಮೂನೆ ವಿಭಾಗದಲ್ಲಿ ಕೆಲಸ ಸಿಕ್ಕಿತು. ಹೊರದೇಶದ ಕಂಪನಿಗಳು ತಮ್ಮ ಮುಂದಿನ ಋತುವಿನ ಬಣ್ಣಗಳನ್ನು ಚಿಕ್ಕ ಚಿಕ್ಕ ಬಟ್ಟೆತುಂಡುಗಳಲ್ಲಿ ಕಳಿಸುತ್ತಿದ್ದವು. ಇಲ್ಲಿ ಬಣ್ಣ ಹಾಕಿಸಿದ ತುಂಡನ್ನು ಅದರ ಪಕ್ಕಕ್ಕಿಟ್ಟು, ಕರಿ ಪೆಟ್ಟಿಗೆಯೊಳಗೆ ಒಮ್ಮೆ ಹಗಲಿನ ಬೆಳಕು, ಒಮ್ಮೆ ಅಂಗಡಿಯ ಬೆಳಕು ಹಾಕಿ, ಹೊಂದುತ್ತದೋ ಇಲ್ಲವೋ ಹೇಳುವುದು ಆಕೆಯ ಕೆಲಸ. ಮದುವೆಯೂ ಆಯಿತು, ಅದು ಬಹಳ ದಿನ ಬಾಳಲಿಲ್ಲ. ಅದರ ಬಗ್ಗೆ ಆಕೆ ಮಾತಾಡುವುದಿಲ್ಲ, ನಾವೂ ಬಿಡೋಣ. ಕೊನೆಗೆ ಕಾರ್ಖಾನೆಯವರು ಆ ವಿಭಾಗವನ್ನೇ ಮುಚ್ಚಿದರು, ಬಣ್ಣ ನೋಡಲು ಯಂತ್ರ ಬಂದಿತ್ತು. ಶೇಖರಮ್ಮ ಟ್ರಂಕು ಎತ್ತಿಕೊಂಡು ಕೊಪ್ಪಳಕ್ಕೆ ಬಂದಳು.

ಇಲ್ಲಿ ಆಕೆಯನ್ನು ಹುಡುಕಿಕೊಂಡು ಬಂದವನು ಕಲ್ಲೇಶ. ಗಂಗಾವತಿಯ ಭತ್ತದ ವ್ಯಾಪಾರಸ್ಥರ ಮನೆಯ ಹುಡುಗ, ಅಕ್ಕಿ ಚೀಲ ಬಿಟ್ಟು ಬಟ್ಟೆಗೆ ಬಿದ್ದಿದ್ದ. 'ಹೊಕ್ಕು' ಅಂತ ಅವನ ಬ್ರ್ಯಾಂಡಿನ ಹೆಸರು, ಮಗ್ಗದಲ್ಲಿ ಅಡ್ಡ ಹಾಯುವ ನೂಲಿನದು. ಕುಷ್ಟಗಿ ಕಡೆಯ ದೋಟಿಹಾಳದ ಮಗ್ಗದಲ್ಲಿ ನೇಯಿಸಿದ ದುಪಟ್ಟಾ, ಕುರ್ತಾ ಬಟ್ಟೆ. ಆನೆಗೊಂದಿಯ ಹೆಂಗಸರು ಬಾಳೆನಾರಿನಲ್ಲಿ ಹೆಣೆದ ಚೀಲ. ಇನ್ನೂ ಹಾಲು ಹಲ್ಲಿನ ಬ್ರ್ಯಾಂಡು. ಹುಡುಗ ಒಳ್ಳೆಯವನೇ, ಆದರೆ ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನ ಬದಲಿಸುತ್ತಾನೆ, ಸಂಜೆ ಮತ್ತೆ ಮೊದಲಿನದೇ ಸರಿ ಅನ್ನುತ್ತಾನೆ. ಅವನ ಹಿಂದೆ ತಿರುಗುವುದರಲ್ಲೇ ಶೇಖರಮ್ಮನ ಅರ್ಧ ಜೀವ ಹೋಗುತ್ತಿತ್ತು.

ಮಳೆಗಾಲ ಆಗಷ್ಟೇ ಶುರುವಾಗಿತ್ತು. ಹೈದರಾಬಾದಿನಲ್ಲಿ ನಾಲ್ಕಾರು ಕಡೆ ಅಂಗಡಿ ಇಟ್ಟ ಒಬ್ಬ ಮೇಡಂ, ನಿಮ್ಮ ಚಳಿಗಾಲದ ಬಟ್ಟೆಗಳ ಬೋರ್ಡು ನೋಡಲು ನಾನೇ ಬರುತ್ತೇನೆ ಅಂತ ಕಲ್ಲೇಶನಿಗೆ ಹೇಳಿದ್ದರು. ಚಳಿಗಾಲದ ಬಟ್ಟೆಗೆ ಮಳೆಗಾಲದಲ್ಲೇ ಬಣ್ಣ ಆರಿಸಬೇಕು. ನೂಲಿಗೆ ಬಣ್ಣ ಕಟ್ಟಿ, ಹಾಸು ಹಾಕಿ, ನೇಯ್ದು, ಹೊಲಿದು ಅಂಗಡಿ ಸೇರುವಷ್ಟರಲ್ಲಿ ಚಳಿ ಬಂದಿರುತ್ತದೆ. ಕಲ್ಲೇಶ ತಾನೇ ಒಂದು ಮೂಡ್ ಬೋರ್ಡ್, ಅಂದರೆ ಆ ಋತುವಿನ ಬಣ್ಣ ಬೆಡಗು ತೋರಿಸುವ ಹಲಗೆ, ಮಾಡಿಕೊಂಡು ಬಂದ. ಬಣ್ಣದ ಪ್ರಿಂಟು ತೆಗೆಸಿ ದಪ್ಪ ರಟ್ಟಿಗೆ ಅಂಟಿಸಿದ್ದ. ಹಿಮ ಬಿದ್ದ ಗಿಡಗಳು, ಉಣ್ಣೆಯ ಕೈಗವಸು, ಕಾಫಿ ಕಪ್ಪು, ಬೆಂಕಿಗೂಡಿನ ಮುಂದೆ ಮಲಗಿದ ನಾಯಿ. ಈ ವರ್ಷ ಜಗತ್ತಿನಲ್ಲೆಲ್ಲ ಕಾಫಿ ಕಂದು ನಡೆಯುತ್ತದಂತೆ, ಇಂಟರ್ನೆಟ್ಟಿನಲ್ಲಿ ಹೇಳಿದ್ದಾರಂತೆ.

ಶೇಖರಮ್ಮ ಚಾಳೀಸು ಮೂಗಿಗೆ ಇಳಿಸಿ ಬಹಳ ಹೊತ್ತು ನೋಡಿದಳು. ಇದೇ ಚಿತ್ರಗಳನ್ನು ಆಕೆ ಬೆಂಗಳೂರಿನಲ್ಲಿ ವರ್ಷ ವರ್ಷವೂ ನೋಡಿದ್ದಳು, ನಾಯಿಯೊಂದು ಹೊಸದಾಗಿತ್ತು.

"ಕಲ್ಲೇಶಾ, ನಮ್ಮ ಕೊಪ್ಪಳದಾಗ ಹಿಮಾ ಯಾವಾಗ ಬಿದ್ದಿತ್ತಪಾ?"

ಅವನು ನಕ್ಕ, ಆಮೇಲೆ ಸಪ್ಪಗಾದ. ಹಾಗಾದರೆ ನೀವೇ ಮಾಡಿರಿ ಅಕ್ಕಾರ, ನಾ ಬಾಯಿ ಹಾಕುವುದಿಲ್ಲ ಅಂದ. ಬೇಸರಕ್ಕೆ ಅಂದನೋ, ಮನಸ್ಸಿಟ್ಟು ಅಂದನೋ, ಅಂದುಬಿಟ್ಟ. ಶೇಖರಮ್ಮನ ಜೀವಮಾನದಲ್ಲಿ ಯಾರೂ ಆಕೆಗೆ ಖಾಲಿ ಬೋರ್ಡು ಕೊಟ್ಟಿರಲಿಲ್ಲ.

ಆಕೆ ಆ ಬೋರ್ಡಿಗೆ 'ಹಿಂಗಾರಿ' ಅಂತ ಹೆಸರಿಟ್ಟಳು. ನಮ್ಮ ಕಡೆ ಚಳಿ ಅಂದರೆ ಹಿಂಗಾರಿ ಬೆಳೆಯೇ ತಾನೆ? ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಕಣ್ಣಿಗೆ ಏನು ಕಾಣುತ್ತದೋ ಅದಷ್ಟೇ ಬೋರ್ಡಿನ ಮೇಲಿರಬೇಕು, ಬೇರೆ ಏನೂ ಬೇಡ. ತಮ್ಮನಿಗೆ ಹೇಳಿ ಯಲಬುರ್ಗಾದ ಹೊಲದಿಂದ ಎರೆಮಣ್ಣಿನ ಹೆಂಟೆ ತರಿಸಿದಳು. ಒಣಗಿದ ಹೆಂಟೆ ಬೂದಿಯ ಹಾಗಿತ್ತು. ಅದರ ಮೇಲೆ ನೀರು ಚಿಮುಕಿಸಿ, ಆಗ ಕಂಡ ಕಪ್ಪಿಗೆ ನೂಲು ಹೊಂದಿಸಿದಳು. ಬಿಳಿಜೋಳ ಒಂದು ಹಿಡಿ ತಟ್ಟೆಯಲ್ಲಿಟ್ಟು ನೋಡಿದರೆ ಅದು ಬಿಳಿಯೇ ಅಲ್ಲ, ಕೆನೆಯ ಬಣ್ಣ. ಆನೆಗೊಂದಿಯ ಬಾಳೆನಾರನ್ನು ಪಕ್ಕಕ್ಕೆ ಹಿಡಿದಳು, ಎರಡೂ ಅಕ್ಕತಂಗಿಯರ ಹಾಗೆ ಹೊಂದಿಕೊಂಡವು. ಕಡಲೆ ಗಿಡದ ಮಂಕು ಹಸಿರು, ಅಗಸಿ ಹೂವಿನ ತೆಳು ನೀಲಿ. ಅಗಸಿ ಹೂವು ಆಗ ಎಲ್ಲಿಂದ ಬರಬೇಕು? ಮೊಬೈಲಿನ ಚಿತ್ರ ನಂಬುವಂತಿಲ್ಲ, ಫೋನು ಬದಲಾದರೆ ನೀಲಿಯೂ ಬದಲಾಗುತ್ತದೆ. ಆಕೆ ಟ್ರಂಕಿನಲ್ಲಿದ್ದ ಹಳೆ ಬಟ್ಟೆಯ ತುಂಡುಗಳನ್ನೆಲ್ಲ ಹರವಿ, ಅದರೊಳಗೊಂದನ್ನು ಆರಿಸಿ ಬೋರ್ಡಿಗೆ ಚುಚ್ಚಿದಳು.

ಚುಚ್ಚಿದ್ದಕ್ಕಿಂತ ಕಿತ್ತಿದ್ದೇ ಹೆಚ್ಚು. ಹಸಿಮೆಣಸಿನಕಾಯಿ ಬಂತು, ಹೋಯಿತು. ಸೂರ್ಯಕಾಂತಿ ಬಂತು, ಹೋಯಿತು. ಸಜ್ಜಿ ರೊಟ್ಟಿಯ ಬೂದುಹಸಿರು ಕಲ್ಲೇಶನಿಗೆ ಬಹಳ ಹಿಡಿಸಿತ್ತು. ಕಪ್ಪಿನ ಪಕ್ಕ ಸತ್ತಂತೆ ಕಾಣುತ್ತದೆ ಅಂತ ಅದನ್ನೂ ಕಿತ್ತಳು. ಬೋರ್ಡಿನ ಕೆಳಗೆ ಒಂದು ಪಟ್ಟಿ: ಅರ್ಧ ಭಾಗ ಎರೆ ಕಪ್ಪು, ಅದಕ್ಕಿಂತ ಕಡಿಮೆ ಜೋಳ, ಅದಕ್ಕಿಂತ ಕಡಿಮೆ ಹಸಿರು ಮತ್ತು ನೀಲಿ. ಯಾವ ಬಣ್ಣ ಎಷ್ಟು ಅನ್ನುವುದು ಗೊತ್ತಿಲ್ಲದಿದ್ದರೆ ಎಂಥಾ ಒಳ್ಳೆಯ ಬಣ್ಣಗಳೂ ಕೂಡಿ ಸಂತೆಯಾಗುತ್ತವೆ. ಪಟ್ಟಿಯ ತುದಿಯಲ್ಲಿ ಒಂದು ಬೆರಳಿನಷ್ಟು ಜಾಗ ಬಿಟ್ಟಿದ್ದಳು. ಅದು ಕುಸುಬಿಗೆ.

ಕುಸುಬಿ ಆಕೆಯ ಬಣ್ಣ. ಜೋಳದ ಹೊಲದ ಸುತ್ತ ಕುಸುಬಿ ಸಾಲು ಬಿತ್ತುತ್ತಾರೆ, ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ. ಚಿಕ್ಕವಳಿದ್ದಾಗ ಎಳ್ಳಮಾವಾಸ್ಯೆಯ ದಿನ ಭೂಮಿತಾಯಿಗೆ ಅಡುಗೆಯ ಚರಗ ಚೆಲ್ಲಲು ಹೊಲಕ್ಕೆ ಹೋದರೆ, ಕರಿ ನೆಲದ ಅಂಚಿಗೆ ಆ ಹಳದಿ ಉರಿಯುತ್ತಿತ್ತು. ಹೂ ಕೀಳಲು ಹೋಗಿ ಕೈ ಗೀರಿಸಿಕೊಂಡು ಅತ್ತಿದ್ದಳು. ಅರಿಷಿಣದ ಹಳದಿಯಲ್ಲ, ನಿಂಬೆಯದಲ್ಲ, ನಡುವೆ ಎಲ್ಲೋ. ಅದನ್ನು ಬೋರ್ಡಿನಲ್ಲಿ ಬಟ್ಟೆಯ ಅಂಚಿನ ದಡಿಗೆ ಮಾತ್ರ ಇಟ್ಟಿದ್ದಳು, ಹೊಲಕ್ಕೆ ಇರುವ ಹಾಗೆ. ಇಷ್ಟು ವರ್ಷದ ಚಾಕರಿಗೆ ತನಗೆ ಸಿಗಬೇಕಾದದ್ದು ಆ ಒಂದು ಬೆರಳಿನಷ್ಟು ಹಳದಿ ಅಂತ ಆಕೆಯ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಆದರೆ ಮಳೆಗಾಲದಲ್ಲಿ ಕುಸುಬಿ ಎಲ್ಲಿ? ಊರಿಗೆ ಫೋನು ಮಾಡಿ ತಾಯಿ ಕಸ್ತೂರೆಮ್ಮನನ್ನು ಕೇಳಿದರೆ, ಆಷಾಢದಲ್ಲಿ ಕುಸುಬಿ ಕೇಳುವವರನ್ನು ಇವತ್ತೇ ನೋಡಿದೆ ಅಂತ ಮುದುಕಿ ನಕ್ಕಳು. ನಂಬರು ಬರೆದ ಬಣ್ಣದ ಕಾರ್ಡು ತಿರುವಿ ಹಾಕಿದಳು. ಒಂದು ಹಳದಿ ಹುಳಿ, ಒಂದು ಹಳದಿ ಜಡ. ಕುಂಚ ಹಿಡಿದು ಬಣ್ಣ ಬೆರೆಸಿದಳು. ಹಸಿ ಇದ್ದಾಗ ಸರಿಯಿದ್ದದ್ದು ಆರಿದ ಮೇಲೆ ಬೇರೆಯಾಗುತ್ತಿತ್ತು. ಉಳಿದ ನಾಲ್ಕು ಬಣ್ಣಗಳ ತುಂಡುಗಳು ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ಬಣ್ಣಗಾರ ಹೈದರಸಾಬನ ಕೈ ಸೇರಿದವು. ಕುಸುಬಿಯ ಜಾಗ ಖಾಲಿಯೇ ಉಳಿಯಿತು.

ಅಷ್ಟರಲ್ಲಿ ಮೇಡಂ ಬರುವ ದಿನ ಒಂದು ವಾರ ಮುಂಚೆಯೇ ಬಂತು. ರೈಲಿನ ಟಿಕೆಟ್ಟು ಆಗಿಬಿಟ್ಟಿದೆ, ಮುಂದಿನ ವಾರದ ಬದಲು ಈ ವಾರವೇ ಬರುತ್ತಾರೆ ಅಂತ ಕಲ್ಲೇಶ ಫೋನಿನಲ್ಲಿ ಹೇಳಿದಾಗ ಶೇಖರಮ್ಮ ಆನೆಗೊಂದಿಯಲ್ಲಿದ್ದಳು. ಚೀಲಗಳ ನಾರು ಒಂದೊಂದು ಒಂದೊಂದು ಬಣ್ಣಕ್ಕೆ ಬಂದಿತ್ತು, ಕೂತು ಬೇರೆ ಬೇರೆ ಮಾಡಿ, ನಾರಿನ ಧೂಳಿಗೆ ಕಣ್ಣು ಕೆಂಪಾಗಿ, ಗಂಗಾವತಿಗೆ ಬಂದು ಕೊಪ್ಪಳದ ಬಸ್ಸು ಹತ್ತಿದ್ದಳು. ಕೂರಲು ಜಾಗವಿರಲಿಲ್ಲ. ಹಿಟ್ನಾಳದ ಹತ್ತಿರ ಹೈದರಸಾಬನ ಫೋನು ಬಂತು. ನಾಲ್ಕು ಬಣ್ಣ ಆಯಿತು, ಐದನೆಯದರ ತುಂಡು ಯಾವಾಗ ಕಳಿಸುತ್ತೀರಿ ಅಂತ ಕೇಳಿದ. ನಿಂತ ಹೆಂಗಸರ ನಡುವೆ, ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಫೋನು, ಶೇಖರಮ್ಮನಿಗೆ ಆ ಹೊತ್ತು ಒಂದೇ ಒಂದು ಆಸೆ, ಎಲ್ಲಿಯಾದರೂ ಕೂತು ಕಣ್ಣು ಮುಚ್ಚಬೇಕು.

"ಕುಸುಬಿ ಹೂವಿನ ಬಣ್ಣ, ಹೈದರಸಾಬ್ರ. ನಿಮಗ ಗೊತ್ತೈತೆಲ್ಲ? ಅದನ್ನ ಹಾಕಿಬಿಡ್ರಿ."

"ಕುಸುಬಿ ಗೊತ್ತಿಲ್ದ ಏನ್ರಿ ಅಕ್ಕಾರ. ಮನಿತನದ ಬಣ್ಣ ಅದು ನಮ್ಮದು."

ಆಕೆಗೆ ಎಷ್ಟು ಸಮಾಧಾನವಾಯಿತೆಂದರೆ, ಇನ್ನೊಂದು ತಪ್ಪನ್ನೂ ಅಲ್ಲೇ ಮಾಡಿದಳು. ನಮೂನೆ ನನಗೆ ತೋರಿಸುವುದು ಬೇಡ, ಹೊತ್ತಿಲ್ಲ, ಬಣ್ಣ ಹಾಕಿದ ನೂಲಿನ ಲಡಿಯನ್ನು ನೇರ ದೋಟಿಹಾಳಕ್ಕೆ ನೇಕಾರ ಪಕೀರಪ್ಪನಿಗೆ ಕಳಿಸಿಬಿಡಿ ಅಂದಳು. ಅಪ್ಪ ಇದ್ದಿದ್ದರೆ ಅಂಗಡಿಯ ಗಲ್ಲೆಯಿಂದ ಎದ್ದು ಬಂದು ಬೈಯುತ್ತಿದ್ದ. ಆದರೆ ದಣಿದವರಿಗೆ ಅಪ್ಪನ ಮಾತು ಎಲ್ಲಿ ನೆನಪಾಗಬೇಕು? ಕಂಬಿಗೆ ತಲೆ ಆನಿಸಿ ಆಕೆ ನಿಂತಲ್ಲೇ ತೂಕಡಿಸಿದಳು.

ಮೇಡಂ ಬರುವ ಹಿಂದಿನ ದಿನ ಮಧ್ಯಾಹ್ನ ಪಕೀರಪ್ಪನ ಗಂಟು ಬಂತು. ಒಳಗಿದ್ದದ್ದು ನಮೂನೆಯ ದುಪಟ್ಟಾ. ಮೈ ಎರೆ ಕಪ್ಪು, ಜೋಳದ ಗೆರೆಗಳು, ನೇಯ್ಗೆ ಅಚ್ಚುಕಟ್ಟು. ಕಲ್ಲೇಶ ಬಿಡಿಸಿ ಎರಡೂ ಕೈಯಲ್ಲಿ ಎತ್ತಿ ಹಿಡಿದ. ದಡಿ ಕೆಂಪಗಿತ್ತು.

ಕೆಂಪು ಅಂದರೆ ರಕ್ತಗೆಂಪಲ್ಲ. ಕಿತ್ತಳೆಯೊಳಗೆ ಗುಲಾಬಿ ಕಲೆಸಿದಂಥ ಮಾಗಿದ ಕೆಂಪು. ಶೇಖರಮ್ಮ ಅದನ್ನು ಅಂಗಳಕ್ಕೆ ಒಯ್ದಳು, ಜಿಟಿಜಿಟಿ ಮಳೆಯ ಮಬ್ಬು ಬೆಳಕಿನಲ್ಲಿ ನೋಡಿದಳು, ಒಳಗೆ ತಂದು ದೀಪದಡಿ ನೋಡಿದಳು. ಎಲ್ಲಿ ನೋಡಿದರೂ ಕೆಂಪೇ. ಕಪ್ಪಿಗೆ ಕೆಂಪು ದಡಿ ಬಜಾರಿನ ಎಲ್ಲ ಅಂಗಡಿಯಲ್ಲಿ ತೂಗಾಡುತ್ತದೆ, ಅದಕ್ಕೆ ಶೇಖರಮ್ಮ ಯಾಕೆ ಬೇಕು? ಆಕೆ ಚಪ್ಪಲಿ ಮೆಟ್ಟಿಕೊಂಡು ಆಟೊ ಹಿಡಿದು ನೇರ ಭಾಗ್ಯನಗರಕ್ಕೆ ಹೋದಳು.

ಹೈದರಸಾಬ ಬಣ್ಣದ ಕಡಾಯಿಯ ಹತ್ತಿರ ಲಡಿ ಹಿಂಡುತ್ತಿದ್ದ. ಅವನೂ ಸಣ್ಣ ವಯಸ್ಸಿನವನಲ್ಲ, ಮಳೆಯಿಂದ ನೂಲು ಒಣಗದೆ ಕಂಗಾಲಾಗಿದ್ದ. ಶೇಖರಮ್ಮ ದುಪಟ್ಟಾ ಅವನ ಮುಂದೆ ಹಿಡಿದು, ಕಣ್ಣಿಲ್ಲವೇ ನಿಮಗೆ, ಜನ್ಮದಲ್ಲಿ ಕುಸುಬಿ ಹೂ ನೋಡಿಲ್ಲವೇ, ನನ್ನ ಬೋರ್ಡು ಹಾಳು ಮಾಡಿದಿರಿ ಅಂತ ಬಾಯಿಗೆ ಬಂದದ್ದೆಲ್ಲ ಅಂದಳು. ಅವನು ಕೈ ಒರೆಸಿಕೊಂಡು ದಡಿಯನ್ನು ಬೆರಳಲ್ಲಿ ಹಿಡಿದು ನೋಡಿದ. ಅವನ ಮನೆತನದಲ್ಲಿ ಕುಸುಬಿ ಅಂದರೆ ಇದೇ ಅಂತೆ. ಅವನ ಮುತ್ತಜ್ಜನ ಕಾಲಕ್ಕೆ ಕುಸುಬಿ ಹೂವಿನ ಎಸಳು ನೀರಿನಲ್ಲಿ ತೊಳೆದು ತೊಳೆದು ಹಳದಿ ಕಳೆದು, ಆಮೇಲೆ ಉಳಿಯುವ ಕೆಂಪನ್ನು ರುಮಾಲಿಗೆ ಹಾಕುತ್ತಿದ್ದರಂತೆ. ಈಗ ಪುಡಿಯ ಬಣ್ಣ ಬಂದಿದೆ, ಹೆಸರು ಮಾತ್ರ ಹಳೆಯದೇ ಉಳಿದಿದೆ. ಹಳದಿಯನ್ನು ಅವರು ಚೆಲ್ಲುತ್ತಿದ್ದರಂತೆ.

"ನೀವು ಬಾಯಿಲೆ ಹೇಳಿದ್ರಿ ಅಕ್ಕಾರ," ಅಂದ ಕೊನೆಗೆ. "ಕೈಯಾಗ ಕೊಟ್ಟಿದ್ರ ನಾ ಯಾಕ ತಪ್ಪತಿದ್ದೆ?"

ಶೇಖರಮ್ಮ ದುಪಟ್ಟಾ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. ಆಕೆಯ ಅಪ್ಪನ ಮಾತನ್ನು ಆಕೆಯೇ ಅವನಿಗೆ ನೂರು ಸಲ ಹೇಳಿದ್ದಳು. ತಪ್ಪು ತನ್ನದು ಅಂತ ಗೊತ್ತಾದಷ್ಟೂ ಸಿಟ್ಟು ಹೆಚ್ಚಾಯಿತು. ಹೋಗಿ ಬರುತ್ತೇನೆ ಅಂತಲೂ ಅನ್ನದೆ ಹೊರಟು ಬಂದಳು. ಮತ್ತೆ ಹಳದಿ ಹಾಕಿಸಿ, ಆ ಮಳೆಯಲ್ಲಿ ಒಣಗಿಸಿ, ದೋಟಿಹಾಳಕ್ಕೆ ಕಳಿಸಿ ನೇಯಿಸುವುದು ಒಂದು ದಿನದಲ್ಲಿ ಆಗುವ ಮಾತಾಗಿರಲಿಲ್ಲ.

ಮರುದಿನ ಹೈದರಾಬಾದಿನ ಮೇಡಂ ಬಂದರು. ಬೋರ್ಡಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಅವರಿಗೆ ಅವಸರವಿರಲಿಲ್ಲ, ಹೆಂಟೆಯನ್ನು ಮುಟ್ಟಿದರು, ಜೋಳವನ್ನು ಬೆರಳಲ್ಲಿ ಉರುಳಿಸಿದರು, ನೀಲಿ ತುಂಡನ್ನು ಕಿಟಕಿಗೆ ಹಿಡಿದರು. ಆಮೇಲೆ ದುಪಟ್ಟಾ ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಶೇಖರಮ್ಮ ತಡೆಯಲಾರದೆ, ಆ ದಡಿ ತಪ್ಪಾಗಿದೆ, ಅದು ಹಳದಿ ಇರಬೇಕಿತ್ತು ಅಂದುಬಿಟ್ಟಳು. ಕಲ್ಲೇಶ ಆಕೆಯನ್ನು ದುರುದುರು ನೋಡಿದ. ಮೇಡಂ ತೆಲುಗು ಬೆರೆತ ಕನ್ನಡದಲ್ಲಿ, ತಪ್ಪಾದರೂ ಇದೇ ಇರಲಿ, ಹಳದಿಯಿದ್ದರೆ ಕಣ್ಣು ದಡಿಗೇ ಹೋಗುತ್ತಿತ್ತು, ಈ ಕೆಂಪು ಕಪ್ಪನ್ನು ಬೆಚ್ಚಗೆ ಹಿಡಿದುಕೊಂಡಿದೆ ಅಂದರು. ಬೋರ್ಡು ಒಪ್ಪಿಗೆಯಾಯಿತು. ಇಡೀ ಹಿಂಗಾರಿ ಅವರ ಅಂಗಡಿಗಳಿಗೆ ಹೋಗುತ್ತದೆ ಅಂತಾಯಿತು.

ಕಲ್ಲೇಶ ಪೇಢೆ ತಂದು ಎಲ್ಲರಿಗೂ ಹಂಚಿದ. ಶೇಖರಮ್ಮನೂ ತಿಂದಳು, ಅದರ ರುಚಿ ಆಕೆಗೆ ಗೊತ್ತಾಗಲಿಲ್ಲ. ಎಲ್ಲರೂ ಅಕ್ಕಾರ ಬೋರ್ಡು, ಅಕ್ಕಾರ ಬೋರ್ಡು ಅನ್ನುತ್ತಿದ್ದರು. ಬೋರ್ಡಿನಲ್ಲಿ ಆಕೆಯದು ಅನ್ನುವುದೊಂದಿತ್ತಲ್ಲ, ಅದೇ ಇರಲಿಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು, ಇದರಲ್ಲಿ ಮುಚ್ಚಿಡುವುದೇನಿದೆ. ಹೈದರಸಾಬನ ಹತ್ತಿರ ಕೆಲಸ ನಡೆಯುತ್ತಲೇ ಇತ್ತು, ಆದರೆ ಆಕೆ ಹೋಗಲಿಲ್ಲ. ತುಂಡುಗಳನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದಳು, ಅವನೂ ಬೇರೆಯವರ ಕೈಯಲ್ಲಿ ತಿರುಗಿ ಕಳಿಸುತ್ತಿದ್ದ.

ಚಳಿ ಬಂತು, ಬಟ್ಟೆಗಳು ಅಂಗಡಿ ಸೇರಿದವು. ಕೆಂಪು ದಡಿಯ ದುಪಟ್ಟಾ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಮುಂದಿನ ವರ್ಷವೂ ಹಿಂಗಾರಿ ಬೇಕು ಅಂತ ಮೇಡಂ ಹೇಳಿ ಕಳಿಸಿದರು. ಆಗ ಕಲ್ಲೇಶ ಶೇಖರಮ್ಮನ ಮೇಜಿನ ಮುಂದೆ ಬಂದು ಕೂತ. ಹೋದ ಸಲ ನಿಮ್ಮ ಮನಸ್ಸಿನಂತೆ ಆಗಲಿಲ್ಲ, ನನಗೆ ಗೊತ್ತು, ಈ ಸಲ ದಡಿಗೆ ನಿಮ್ಮ ಹಳದಿಯನ್ನೇ ಹಾಕಿಸಿ, ಮೇಡಂಗೆ ನಾನು ಹೇಳುತ್ತೇನೆ ಅಂದ. ಹುಡುಗ ಒಳ್ಳೆಯವನೇ ಅಂತ ಮೊದಲೇ ಹೇಳಿದೆನಲ್ಲ. ಶೇಖರಮ್ಮನಿಗೆ ಬಹಳ ದಿನಗಳ ಮೇಲೆ ಮೈಯಲ್ಲಿ ಹುರುಪು ಬಂತು. ಈ ಸಲ ಮಳೆಗಾಲದ ತನಕ ಕಾಯುವುದಿಲ್ಲ, ಹೂವು ಹೊಲದಲ್ಲಿರುವಾಗಲೇ ನಮೂನೆ ತೆಗೆದಿಡಬೇಕು. ಬಾಯಲ್ಲಿ ಹೇಳುವುದಿಲ್ಲ, ಹೈದರಸಾಬನ ಕೈಯಲ್ಲೇ ಹೂವು ಇಡಬೇಕು. ಇದು ಕುಸುಬಿ, ನೋಡಿಕೊಳ್ಳಿ ಅನ್ನಬೇಕು.

ಆ ವರ್ಷ ಎಳ್ಳಮಾವಾಸ್ಯೆ ತಡವಾಗಿ ಬಂದಿತ್ತು. ಯಲಬುರ್ಗಾದ ಹೊಲದಲ್ಲಿ ಜೋಳ ತೆನೆ ಹಿರಿದಿತ್ತು, ಸುತ್ತಲೂ ಕುಸುಬಿ ಸಾಲು ಹೂ ಬಿಟ್ಟು ನಿಂತಿತ್ತು. ಆಕೆ ನೆನೆಸಿಕೊಂಡಿದ್ದ ಹಳದಿಯೇ. ಶೇಖರಮ್ಮ ನಿಂತು ಕಣ್ತುಂಬ ನೋಡಿದಳು, ಸುಳ್ಳಾಗಿರಲಿಲ್ಲ ತಾನು ಅಂತ ಸಮಾಧಾನವಾಯಿತು. ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಎಣ್ಣೆಗಾಯಿ ಉಂಡು, ಎಲ್ಲರೂ ಮರದ ನೆರಳಿಗೆ ಒರಗಿದ ಮೇಲೆ ಸೆರಗು ಕೈಗೆ ಸುತ್ತಿಕೊಂಡು ಹೂ ಕಿತ್ತಳು. ಎಷ್ಟು ಸುತ್ತಿಕೊಂಡರೂ ಮುಳ್ಳು ಗೀರಿತು. ತಾಯಿಯ ಸ್ಟೀಲ್ ಡಬ್ಬಿಯಲ್ಲಿ ಹೂವಿಟ್ಟು ಮುಚ್ಚಿದಳು. ತಾಯಿ ಬಿಡಲಿಲ್ಲ ಅಂತ ಊರಲ್ಲಿ ಇನ್ನೂ ಒಂದು ದಿನ ನಿಂತಳು, ಆಮೇಲೆ ಕೊಪ್ಪಳದ ಬಸ್ಸು ಹತ್ತಿದಳು. ಡಬ್ಬಿ ದಾರಿಯುದ್ದಕ್ಕೂ ಮಡಿಲಲ್ಲೇ ಇತ್ತು. ಮನೆಗೂ ಹೋಗದೆ, ಆಫೀಸಿಗೂ ಹೋಗದೆ ಭಾಗ್ಯನಗರದಲ್ಲಿ ಇಳಿದಳು.

ಹೈದರಸಾಬ ಆಕೆಯನ್ನು ಕಂಡು ಎದ್ದು ನಿಂತ. ಬರ್ರಿ ಅಕ್ಕಾರ ಅಂದ. ಸ್ಟೂಲು ಒರೆಸಿ ಮುಂದಿಟ್ಟ. ಶೇಖರಮ್ಮ ಕೂತು, ಆ ದಿನ ನಾನು ಹಾಗೆ ಅನ್ನಬಾರದಿತ್ತು ಅಂದಳು. ಅವನು ಇರಲಿ ಬಿಡಿ ಅನ್ನುವಂತೆ ಕೈಯಾಡಿಸಿದ. ಮುಂದಿನ ವರ್ಷದ ದಡಿಗೆ ಹಳದಿ ಬೇಕು, ಈ ಸಲ ಕೈಯಲ್ಲೇ ತಂದಿದ್ದೇನೆ ಅಂದಳು. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಅವನೇ ತೆಗೆದುಕೊಟ್ಟ.

ಒಳಗಿನ ಹೂಗಳು ಬಾಡಿದ್ದವು. ಹಳದಿ ಎಲ್ಲಿಯೂ ಇರಲಿಲ್ಲ. ಎಸಳೆಲ್ಲ ಕಿತ್ತಳೆಯಾಗಿ, ಕಿತ್ತಳೆ ದಾಟಿ, ಬುಡದಿಂದ ತುದಿಯ ತನಕ ಮಾಗಿದ ಕೆಂಪಾಗಿ ಕೂತಿದ್ದವು. ಶೇಖರಮ್ಮ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಹೊರಗೆ ಬಿಸಿಲಿಗೆ ಹೋದಳು. ಅಂಗಳದ ಹಗ್ಗದ ಮೇಲೆ, ಖಾಲಿಯಾದ ದುಪಟ್ಟಾಗಳ ಬದಲಿಗೆ ಮೇಡಂಗೆಂದು ಮತ್ತೆ ಹಾಕಿದ ಕೆಂಪು ಲಡಿಗಳು ಒಣಗುತ್ತಿದ್ದವು. ಆಕೆ ಹೂವನ್ನು ಲಡಿಯ ಪಕ್ಕ ಹಿಡಿದಳು. ಜೀವಮಾನವೆಲ್ಲ ಮಾಡಿದ ಕೆಲಸ ಅದು, ಕಣ್ಣು ತಾನಾಗಿಯೇ ಮಾಡಿತು. ಹೊಂದುತ್ತಿತ್ತು. ಬಿಸಿಲಿನಲ್ಲಿ ಹಿಡಿದರೂ, ಹಿಂದಿನ ನೆರಳಿಗೆ ಸರಿದು ಹಿಡಿದರೂ ಹೊಂದುತ್ತಿತ್ತು.

ಆಕೆ ಅಲ್ಲೇ ಕಟ್ಟೆಯ ಮೇಲೆ ಕೂತಳು. ನಗು ಬಂತು, ನಗುತ್ತಿದ್ದ ಹಾಗೆಯೇ ಕಣ್ಣೀರೂ ಬಂತು. ಅಂಗೈಯ ಮೇಲೆ ಮುಳ್ಳು ಗೀರಿದ ಗೆರೆ ಇನ್ನೂ ಆರಿರಲಿಲ್ಲ, ಅದರ ಮೇಲೆ ಆ ಹೂವು. ಹೈದರಸಾಬ ಹಿಂದೆಯೇ ಬಂದು ನಿಂತಿದ್ದ. ಅವನು ಹೂವನ್ನೂ ನೋಡಿದ, ಲಡಿಯನ್ನೂ ನೋಡಿದ. ಹಳದಿ ಹೂವು ನಾನೂ ಹೊಲದಲ್ಲಿ ನೋಡಿದ್ದೇನೆ, ನೆನಪಿನ ಮೇಲೆ ಹಾಕಿ ನೋಡೋಣ, ನಾಲ್ಕು ಸಲ ತಪ್ಪಿದರೆ ಐದನೆಯ ಸಲ ಬರುತ್ತದೆ ಅಂದ.

"ಹೇಳ್ರಿ ಅಕ್ಕಾರ. ಹಳದಿ ಹಾಕ್ಲೇನು?"

ಶೇಖರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಎದ್ದು ಬಂದು, ಬಾಡಿದ ಹೂವನ್ನು ಅವನ ಬಣ್ಣ ಹತ್ತಿದ ಅಂಗೈಯಲ್ಲಿಟ್ಟಳು.

"ಕೈಯಾಗ ಕೊಟ್ಟೇನೆಲ್ಲ," ಅಂದಳು, "ಅದನ್ನ ಹಾಕ್ರಿ."